ಗೆದ್ದವಳಿಗೆ ಸೀಟು ಸಿಗಲಿಲ್ಲ

ಕಾನೂನು ಓದುವ ಹುಡುಗ ಹುಡುಗಿಯರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದಿದೆ: ಐವತ್ತು ಪುಟದ ತೀರ್ಪನ್ನು ಒಂದು ಪುಟದ ಟಿಪ್ಪಣಿಗೆ ಇಳಿಸುವುದು ಹೇಗೆ? ಪಾಠದ ಉತ್ತರ ಎಲ್ಲರಿಗೂ ಗೊತ್ತು. ಸಂಗತಿ, ವಿವಾದಾಂಶ, ತೀರ್ಮಾನ, ಕಾರಣ ಎಂದು ನಾಲ್ಕು ಭಾಗ ಮಾಡಿ ತುಂಬಬೇಕು. ಇಷ್ಟನ್ನು ಮೊದಲ ಸೆಮಿಸ್ಟರಿನಲ್ಲೇ ಹೇಳಿಕೊಟ್ಟಿರುತ್ತಾರೆ. ಆದರೂ ಪರೀಕ್ಷೆ ಹತ್ತಿರ ಬಂದಾಗ ತೆರೆದು ನೋಡಿದರೆ ಆ ಟಿಪ್ಪಣಿಯಿಂದ ಏನೂ ಹುಟ್ಟುವುದಿಲ್ಲ. ಸಂಗತಿಯ ಭಾಗ ಕಥೆಯಂತೆ ಉದ್ದವಾಗಿರುತ್ತದೆ, ತೀರ್ಮಾನದ ಭಾಗದಲ್ಲಿ ಘೋಷಣೆಯಂಥ ಒಂದು ಸಾಲಿರುತ್ತದೆ, ಎರಡರ ನಡುವೆ ದಾರಿಯೇ ಇರುವುದಿಲ್ಲ. ಹೀಗಾಗುವುದಕ್ಕೆ ಕಾರಣ, ನಾವು ಟಿಪ್ಪಣಿಯನ್ನು ತೀರ್ಪು ಸಾಗಿದ ಕ್ರಮದಲ್ಲೇ ಬರೆಯುತ್ತ ಹೋಗುವುದು. ತೀರ್ಪನ್ನು ಮೊದಲಿನಿಂದ ಓದಬೇಕು, ಸರಿ. ಟಿಪ್ಪಣಿಯನ್ನು ಮಾತ್ರ ಬಾಲದಿಂದ ಬರೆಯಲು ಶುರುಮಾಡಬೇಕು ಎಂಬುದು ನನ್ನ ವಾದ. ಕೊನೆಯಲ್ಲಿ ನ್ಯಾಯಾಲಯ ಮಾಡಿದ ಆದೇಶ ಏನು, ಯಾರಿಗೆ ಏನು ಸಿಕ್ಕಿತು, ಏನು ಸಿಗಲಿಲ್ಲ ಎಂಬುದನ್ನು ಮೊದಲು ಹಿಡಿದುಕೊಂಡರೆ ಉಳಿದ ಮೂರು ಭಾಗಗಳಲ್ಲಿ ಏನಿರಬೇಕು, ಏನಿರಬಾರದು ಎಂಬುದನ್ನು ಆ ಆದೇಶವೇ ಹೇಳುತ್ತದೆ.

ಇದನ್ನು ತೋರಿಸಲು ನಮ್ಮ ರಾಜ್ಯದ್ದೇ ಒಂದು ಪ್ರಕರಣ ತೆಗೆದುಕೊಳ್ಳೋಣ. ಮೋಹಿನಿ ಜೈನ್ ವಿರುದ್ಧ ಕರ್ನಾಟಕ ರಾಜ್ಯ. ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳಾದ ಕುಲದೀಪ್ ಸಿಂಗ್ ಮತ್ತು ಆರ್.ಎಂ. ಸಹಾಯ್ ಅವರ ಪೀಠ 1992ರ ಜುಲೈ 30ರಂದು ಕೊಟ್ಟ ತೀರ್ಪು ಇದು. ಸಂವಿಧಾನ ಓದುವ ಪ್ರತಿಯೊಬ್ಬರ ಪಟ್ಟಿಯಲ್ಲೂ ಇದಿದೆ. ಪ್ರತಿಯೊಬ್ಬರ ಟಿಪ್ಪಣಿಯಲ್ಲೂ ಹೆಚ್ಚುಕಡಿಮೆ ಒಂದೇ ಸಾಲು ಇದೆ: ಶಿಕ್ಷಣ ಮೂಲಭೂತ ಹಕ್ಕು ಎಂದು ನ್ಯಾಯಾಲಯ ಹೇಳಿತು. ಆ ಸಾಲು ಸುಳ್ಳಲ್ಲ. ಆದರೆ ಅದನ್ನು ಮಾತ್ರ ಕಟ್ಟಿಕೊಂಡು ಹೋದವರನ್ನು ಮೂರು ಪ್ರಶ್ನೆ ಕೇಳಿ ನೋಡಿ. ಅರ್ಜಿ ಹಾಕಿದ ವಿದ್ಯಾರ್ಥಿನಿಗೆ ಸೀಟು ಸಿಕ್ಕಿತೇ? ನ್ಯಾಯಾಲಯ ರದ್ದು ಮಾಡಿದ್ದು ಯಾವುದನ್ನು? ಆಗಲೇ ದುಡ್ಡು ಕೊಟ್ಟು ಸೇರಿದ್ದವರ ಗತಿ ಏನಾಯಿತು? ಮೂರಕ್ಕೂ ಆ ಒಂದು ಸಾಲಿನಲ್ಲಿ ಉತ್ತರವಿಲ್ಲ. ಉತ್ತರವಿರುವುದು ತೀರ್ಪಿನ ಕೊನೆಯಲ್ಲಿ.

ಅಲ್ಲಿ ಓದಿದರೆ ಅಚ್ಚರಿಯಾಗುತ್ತದೆ. ರಿಟ್ ಅರ್ಜಿ ಮಂಜೂರಾಗಿದೆ. ಹೊರರಾಜ್ಯದ ಭಾರತೀಯ ವಿದ್ಯಾರ್ಥಿಗಳಿಂದ ವರ್ಷಕ್ಕೆ 60,000 ರೂಪಾಯಿವರೆಗೆ ವಸೂಲು ಮಾಡಲು ಅವಕಾಶ ಕೊಟ್ಟಿದ್ದ ಸರ್ಕಾರಿ ಅಧಿಸೂಚನೆಯ ಆ ಅಂಶ ಬಿದ್ದುಹೋಗಿದೆ. ಅದು ಬೋಧನಾ ಶುಲ್ಕವಲ್ಲ, ಕ್ಯಾಪಿಟೇಶನ್ ಶುಲ್ಕ, ಅಂದರೆ ನಮ್ಮ ಕಡೆ ಎಲ್ಲರೂ ಡೊನೇಶನ್ ಎಂದು ಕರೆಯುವ ಹಣ, ಎಂದು ಪೀಠ ತೀರ್ಮಾನಿಸಿದೆ. ಆದರೆ ಈ ತೀರ್ಪು ಮುಂದಿನ ಪ್ರವೇಶಗಳಿಗೆ ಮಾತ್ರ ಅನ್ವಯ. ಅಧಿಸೂಚನೆಯ ಪ್ರಕಾರ ಆಗಲೇ ಸೇರಿಕೊಂಡವರು ಅದೇ ಷರತ್ತಿನ ಮೇಲೆ ಓದು ಮುಂದುವರಿಸಬೇಕು, ತೀರ್ಪಿನ ಲಾಭ ಅವರಿಗಿಲ್ಲ. ಅರ್ಜಿದಾರ ವಿದ್ಯಾರ್ಥಿನಿಯನ್ನು ಸೇರಿಸಿಕೊಳ್ಳಿ ಎಂಬ ನಿರ್ದೇಶನವೂ ಇಲ್ಲ. ಆಕೆ ಮೆರಿಟ್ ಮೇಲೆ ಆಯ್ಕೆಯಾದವಳಲ್ಲ, ಕೋರ್ಸೂ 1991ರಲ್ಲೇ ಶುರುವಾಗಿಬಿಟ್ಟಿತ್ತು ಎಂಬುದು ಕಾರಣ. ಮೊಕದ್ದಮೆ ಗೆದ್ದಳು, ಸೀಟು ಸಿಗಲಿಲ್ಲ. ಟಿಪ್ಪಣಿಯ ಕೊನೆಗೆ ಇವನ್ನೆಲ್ಲ ಮೂರು ವಾಕ್ಯದಲ್ಲಿ ಮೊದಲು ಬರೆದಿಡಿ. ಆಮೇಲೆ ಮೇಲಕ್ಕೆ ಹೋಗಿ.

ಈಗ ಸಂಗತಿಗಳ ಭಾಗ. ವಿದ್ಯಾರ್ಥಿಗಳು ಹೆಚ್ಚು ಶಾಯಿ ಸುರಿಯುವುದೂ ಹೆಚ್ಚು ಎಡವುವುದೂ ಇಲ್ಲಿಯೇ. ಉತ್ತರ ಪ್ರದೇಶದ ಮೀರತ್‌ನ ವಿದ್ಯಾರ್ಥಿನಿ ತುಮಕೂರಿನ ಒಂದು ಖಾಸಗಿ ವೈದ್ಯಕೀಯ ಕಾಲೇಜಿನಲ್ಲಿ ಎಂಬಿಬಿಎಸ್‌ಗೆ ಅರ್ಜಿ ಹಾಕಿದಳು. ಮೊದಲ ವರ್ಷದ ಶುಲ್ಕ 60,000 ರೂಪಾಯಿ ಕಟ್ಟಿ, ಉಳಿದ ವರ್ಷಗಳ ಶುಲ್ಕಕ್ಕೆ ಬ್ಯಾಂಕ್ ಗ್ಯಾರಂಟಿ ಕೊಡಬೇಕು ಎಂದರು. ಅಷ್ಟು ಶಕ್ತಿ ನಮಗಿಲ್ಲ ಎಂದು ತಂದೆ ಹೇಳಿದರು, ಪ್ರವೇಶ ಸಿಗಲಿಲ್ಲ. ಆ ಮೊತ್ತ ಕಾಲೇಜು ತಾನಾಗಿ ಕಟ್ಟಿದ ಬೆಲೆಯಲ್ಲ. 1984ರ ಕರ್ನಾಟಕದ ಕ್ಯಾಪಿಟೇಶನ್ ಶುಲ್ಕ ನಿಷೇಧ ಕಾಯ್ದೆಯ 5ನೇ ಕಲಂ ಅಡಿ ರಾಜ್ಯ ಸರ್ಕಾರವೇ 1989ರ ಜೂನ್ 5ರಂದು ಹೊರಡಿಸಿದ ಅಧಿಸೂಚನೆಯಲ್ಲಿತ್ತು. ಅದರ ಪ್ರಕಾರ ಖಾಸಗಿ ಕಾಲೇಜಿನ ಸರ್ಕಾರಿ ಸೀಟಿಗೆ ವರ್ಷಕ್ಕೆ 2,000, ಕರ್ನಾಟಕದ ಇತರ ವಿದ್ಯಾರ್ಥಿಗಳಿಗೆ 25,000ದವರೆಗೆ, ಹೊರರಾಜ್ಯದವರಿಗೆ 60,000ದವರೆಗೆ. ಇದರ ಮೇಲೆ ಇನ್ನೂ ನಾಲ್ಕೂವರೆ ಲಕ್ಷ ಕೇಳಿದರು ಎಂದು ಅರ್ಜಿದಾರಳು ಆರೋಪಿಸಿದ್ದಳು, ಕಾಲೇಜು ಅದನ್ನು ಅಲ್ಲಗಳೆದಿತ್ತು.

ಇದರಲ್ಲಿ ಏನು ಉಳಿಯಬೇಕು? ಪ್ರತಿ ಸಂಗತಿಯನ್ನೂ ಒಮ್ಮೆ ಕೈಬಿಟ್ಟು, ಆಗ ಕೊನೆಯ ಆದೇಶ ಹೀಗೇ ಬರುತ್ತಿತ್ತೇ ಎಂದು ಕೇಳಿ. ತುಮಕೂರಿನ ಬದಲು ಬೇರೆ ಊರಿನ ಕಾಲೇಜಾಗಿದ್ದರೆ? ಆದೇಶ ಬದಲಾಗುವುದಿಲ್ಲ, ಹಾಗಾಗಿ ಕಾಲೇಜಿನ ಹೆಸರೂ ಊರೂ ಟಿಪ್ಪಣಿಗೆ ಬೇಡ. ಖಾಸಗಿ ಕಾಲೇಜು ಎಂಬುದು ಬೇಕು. ಸರ್ಕಾರದ ಮಾನ್ಯತೆ ಪಡೆದ ಖಾಸಗಿ ಕಾಲೇಜು ಎಂಬುದು ಇನ್ನೂ ಬೇಕು, ಏಕೆಂದರೆ ಮುಂದೆ ಕಾರಣದ ಭಾಗದಲ್ಲಿ ಆ ಮಾನ್ಯತೆಯ ಮೇಲೆಯೇ ಅರ್ಧ ತೀರ್ಪು ನಿಂತಿದೆ. 2,000, 25,000, 60,000 ಎಂಬ ಮೂರು ಅಂಕಿಗಳೂ ಬೇಕು. ಒಂದೇ ತರಗತಿಯಲ್ಲಿ ಒಂದೇ ಪಾಠ ಕೇಳುವವರಿಗೆ ಮೂರು ದರ ಎಂಬುದು ಅವುಗಳಲ್ಲೇ ಇದೆ. ನಾಲ್ಕೂವರೆ ಲಕ್ಷದ ವಿಚಾರ? ಕೇಳಲು ರೋಚಕ, ಹೀಗಾಗಿ ಎಲ್ಲರೂ ಬರೆದುಕೊಳ್ಳುತ್ತಾರೆ. ಆದರೆ ಅದು ವಿವಾದಿತ ಆರೋಪ, ತೀರ್ಪು ಅದರ ಮೇಲೆ ನಿಂತಿಲ್ಲ. ಅದನ್ನು ಸಾಬೀತಾದ ಸಂಗತಿಯಂತೆ ಬರೆದವರ ಟಿಪ್ಪಣಿ ಸೊಂಪಾಗಿ ಕಾಣುತ್ತದೆ, ಅರ್ಥ ಮಾತ್ರ ತಿರುಗಿಬಿಡುತ್ತದೆ: ಕಾಲೇಜು ಕದ್ದುಮುಚ್ಚಿ ದುಡ್ಡು ಕೇಳಿದ್ದು ತಪ್ಪು ಎಂಬ ತೀರ್ಪಾಗಿ ಅದು ಓದಿಸಿಕೊಳ್ಳುತ್ತದೆ. ನಿಜವಾದ ಪ್ರಕರಣ ಅದಕ್ಕಿಂತ ಗಟ್ಟಿಯಾದದ್ದು. ಇಲ್ಲಿ ಕದ್ದುಮುಚ್ಚಿದ್ದು ಏನೂ ಇರಲಿಲ್ಲ, ಸರ್ಕಾರವೇ ಬಹಿರಂಗವಾಗಿ ಅನುಮತಿ ಕೊಟ್ಟಿತ್ತು.

ಇನ್ನು ಆಕೆ ಮೀರತ್‌ನವಳು ಎಂಬುದು. ಇದಕ್ಕೆ ಒಂದು ಬದಲಿ ಪರೀಕ್ಷೆ ಮಾಡಬಹುದು. ಅದೇ ಕಾಲೇಜಿಗೆ ಅದೇ ವರ್ಷ ನಮ್ಮದೇ ರಾಜ್ಯದ ಹಿಟ್ನಾಳದ ಹುಡುಗಿಯೊಬ್ಬಳು ಅರ್ಜಿ ಹಾಕಿದ್ದಳು ಎಂದುಕೊಳ್ಳಿ. ಸರ್ಕಾರಿ ಸೀಟು ಸಿಕ್ಕಿದ್ದರೆ ಅವಳಿಗೆ 2,000. ಸಿಗದಿದ್ದರೆ 25,000. ಅವಳು ಸುಪ್ರೀಂ ಕೋರ್ಟಿಗೆ ಹೋಗಿದ್ದರೆ ಅದೇ ಆದೇಶ ಬರುತ್ತಿತ್ತೇ? ಬರುತ್ತಿರಲಿಲ್ಲ, ಏಕೆಂದರೆ ಬಿದ್ದುಹೋದದ್ದು ಹೊರರಾಜ್ಯದವರ 60,000ದ ಅಂಶ. ಆದ್ದರಿಂದ ಮೀರತ್ ಎಂಬ ಹೆಸರಲ್ಲದಿದ್ದರೂ ಹೊರರಾಜ್ಯದವಳು ಎಂಬುದು ಸಂಗತಿಗಳಲ್ಲಿ ಉಳಿಯಬೇಕು. ಆದರೆ ತೀರ್ಪು ಕೊಟ್ಟ ಕಾರಣ ಹೊರರಾಜ್ಯದವರಿಗೆ ತಾರತಮ್ಯ ಎಂಬುದಲ್ಲ. ಸರ್ಕಾರಿ ಸೀಟಿಗೆ 2,000 ಎಂದು ನಿಗದಿ ಮಾಡಿದ ಮೇಲೆ ದೇಶದ ಯಾವ ಮೂಲೆಯವರಿಂದಲೂ ಅದಕ್ಕಿಂತ ಹೆಚ್ಚು ವಸೂಲು ಮಾಡದಂತೆ ನೋಡಿಕೊಳ್ಳುವುದು ಸರ್ಕಾರದ ಹೊಣೆ ಎಂಬುದು ಪೀಠದ ಮಾತಿನ ಓಟ. ಆ ಕಾರಣವನ್ನು ಹಿಡಿದು ಹೊರಟರೆ ಹಿಟ್ನಾಳದವಳ 25,000ಕ್ಕೂ ಅದು ತಟ್ಟುತ್ತದೆ. ಆದೇಶ ಸಣ್ಣದು, ಕಾರಣ ದೊಡ್ಡದು. ಈ ಅಂತರವನ್ನು ಹಿಡಿಯಲಾರದ ಟಿಪ್ಪಣಿ ಮುಂದಿನ ವರ್ಷದ ತೀರ್ಪು ಏಕೆ ಬಂತು ಎಂಬುದನ್ನು ಎಂದಿಗೂ ವಿವರಿಸಲಾರದು. ಅಲ್ಲಿಗೆ ಆಮೇಲೆ ಬರೋಣ.

ವಿವಾದಾಂಶ ಬರೆಯುವಾಗ ನ್ಯಾಯಾಲಯವೇ ಪ್ರಶ್ನೆಗಳನ್ನು ಎತ್ತಿಕೊಟ್ಟಿದ್ದರೆ ಅರ್ಧ ಕೆಲಸ ಆದಂತೆ. ಇಲ್ಲಿ ಪೀಠ ನಾಲ್ಕು ಪ್ರಶ್ನೆ ಎತ್ತಿಕೊಂಡಿತು. ಸಂವಿಧಾನ ಶಿಕ್ಷಣದ ಹಕ್ಕನ್ನು ಕೊಟ್ಟಿದೆಯೇ, ಕೊಟ್ಟಿದ್ದರೆ ಕ್ಯಾಪಿಟೇಶನ್ ಶುಲ್ಕ ಅದಕ್ಕೆ ಭಂಗ ತರುತ್ತದೆಯೇ ಎಂಬುದು ಮೊದಲನೆಯದು. ಅಂಥ ಶುಲ್ಕ ಸಮಾನತೆಯ 14ನೇ ವಿಧಿಗೆ ವಿರುದ್ಧವೇ ಎಂಬುದು ಎರಡನೆಯದು. ಶುಲ್ಕ ನಿಯಂತ್ರಣದ ಸೋಗಿನಲ್ಲಿ ಅಧಿಸೂಚನೆ ಕ್ಯಾಪಿಟೇಶನ್ ಶುಲ್ಕಕ್ಕೇ ಬಾಗಿಲು ತೆರೆದಿದೆಯೇ ಎಂಬುದು ಮೂರನೆಯದು. ಹಾಗಿದ್ದರೆ ಅದು ನಿಷೇಧ ಕಾಯ್ದೆಗೇ ವಿರುದ್ಧವೇ ಎಂಬುದು ನಾಲ್ಕನೆಯದು. ಇವನ್ನು ಹಾಗೇ ನಕಲು ಮಾಡಿದರೂ ತಪ್ಪಿಲ್ಲ. ಆದರೆ ಗಮನಿಸಿ, ಮೊದಲ ಎರಡು ಸಂವಿಧಾನದ ಪ್ರಶ್ನೆಗಳು, ಕೊನೆಯ ಎರಡು ಕಾಯ್ದೆಯ ಪ್ರಶ್ನೆಗಳು. ಟಿಪ್ಪಣಿಯಲ್ಲಿ ಎರಡು ಜೋಡಿಯಾಗಿ ಬರೆದರೆ ತೀರ್ಪಿನ ಎಲುಬು ಕಾಣುತ್ತದೆ. ಶಿಕ್ಷಣ ಮೂಲಭೂತ ಹಕ್ಕೇ ಎಂದು ಮಾತ್ರ ಬರೆದರೆ ಅದು ಪ್ರಬಂಧದ ವಿಷಯವಾದೀತು, ವಿವಾದಾಂಶ ಆಗುವುದಿಲ್ಲ. ವಿವಾದಾಂಶದಲ್ಲಿ ಕಾನೂನೂ ಇರಬೇಕು, ಈ ಪ್ರಕರಣದ ಸಂಗತಿಯೂ ಒಂದು ಚೂರು ಇರಬೇಕು, ಕೊನೆಗೆ ಹೌದು ಅಥವಾ ಇಲ್ಲ ಎನ್ನುವಂತಿರಬೇಕು. ಹೀಗೆ: ಕಾಯ್ದೆಯ ಪ್ರಕಾರ ಸರ್ಕಾರವೇ ನಿಗದಿ ಮಾಡಿದ 60,000 ರೂಪಾಯಿ, ಅದೇ ಕಾಯ್ದೆ ನಿಷೇಧಿಸಿದ ಕ್ಯಾಪಿಟೇಶನ್ ಶುಲ್ಕ ಆಗಬಲ್ಲುದೇ?

ಈ ಪ್ರಶ್ನೆಯಲ್ಲಿ ಒಂದು ಗಂಟಿದೆ. ಕಾರಣದ ಭಾಗವನ್ನು ತುಂಬುವುದು ಎಂದರೆ ಆ ಗಂಟನ್ನು ನ್ಯಾಯಾಲಯ ಹೇಗೆ ಬಿಚ್ಚಿತು ಎಂದು ಬರೆಯುವುದು. ಕಾಯ್ದೆಯ ವ್ಯಾಖ್ಯೆಯ ಪ್ರಕಾರ, 5ನೇ ಕಲಂ ಅಡಿ ನಿಗದಿಯಾದ ಶುಲ್ಕವನ್ನು ಮೀರಿ ಯಾವ ಹೆಸರಿನಲ್ಲಿ ವಸೂಲು ಮಾಡಿದರೂ ಆ ಹೆಚ್ಚುವರಿ ಹಣ ಕ್ಯಾಪಿಟೇಶನ್ ಶುಲ್ಕ. ಎದುರು ಪಕ್ಷಕ್ಕೆ ಇದೇ ಗುರಾಣಿ. ನಿಗದಿ ಮಾಡಿದ್ದೇ 60,000, ವಸೂಲು ಮಾಡಿದ್ದೂ 60,000, ಮೀರಿದ್ದು ಎಲ್ಲಿ? ಅಕ್ಷರ ಹಿಡಿದು ಓದಿದರೆ ಈ ವಾದಕ್ಕೆ ಉತ್ತರವಿಲ್ಲ. ಪೀಠ ಅಕ್ಷರದ ಹಿಂದೆ ಹೋಯಿತು. ಕಾಯ್ದೆ ಹುಟ್ಟಿದ್ದೇ ಈ ವಸೂಲಿಯನ್ನು ನಿಲ್ಲಿಸಲು. 5ನೇ ಕಲಂ ಕೊಟ್ಟ ಅಧಿಕಾರ ಬೋಧನಾ ಶುಲ್ಕವನ್ನು ನಿಯಂತ್ರಿಸಲು. ಬೋಧನೆಯ ಶುಲ್ಕ ಎಷ್ಟು ಎಂಬುದನ್ನು ಸರ್ಕಾರಿ ಸೀಟಿನ 2,000 ಆಗಲೇ ತೋರಿಸಿದೆ. ಅದರ ಮೂವತ್ತು ಪಟ್ಟು ವಸೂಲಿಗೆ ಶುಲ್ಕ ಎಂದು ಹೆಸರಿಟ್ಟರೂ ಅದು ಕ್ಯಾಪಿಟೇಶನ್ನೇ. ನಿಯಂತ್ರಿಸಲು ಕೊಟ್ಟ ಅಧಿಕಾರದಿಂದ ನಿಷೇಧಿಸಿದ್ದಕ್ಕೆ ಅನುಮತಿ ಕೊಡಲಾಗದು. ಮೂರನೆಯ ಮತ್ತು ನಾಲ್ಕನೆಯ ಪ್ರಶ್ನೆಗೆ ಕಾರಣ ಇಷ್ಟೇ, ಆದರೆ ಎದುರಾಳಿಯ ವಾದವನ್ನು ಪಕ್ಕದಲ್ಲಿಟ್ಟು ಬರೆಯದಿದ್ದರೆ ಇದರ ಬಿಗಿ ತಿಳಿಯುವುದೇ ಇಲ್ಲ. ಸೋತವರ ಅತ್ಯುತ್ತಮ ವಾದಕ್ಕೆ ಟಿಪ್ಪಣಿಯಲ್ಲಿ ಒಂದು ಸಾಲು ಕೊಡಲೇಬೇಕು ಎನ್ನುವುದು ಈ ಕಾರಣಕ್ಕೆ. ಖಾಸಗಿ ಕಾಲೇಜುಗಳ ಇನ್ನೊಂದು ವಾದವೂ ಹಾಗೆಯೇ: ಐದು ವರ್ಷದ ಎಂಬಿಬಿಎಸ್‌ಗೆ ಒಬ್ಬ ವಿದ್ಯಾರ್ಥಿಗೆ ಸುಮಾರು ಐದು ಲಕ್ಷ ಖರ್ಚು ಬೀಳುತ್ತದೆ, ನೂರರಲ್ಲಿ 40 ಸೀಟು 2,000ದ ದರಕ್ಕೆ ಸರ್ಕಾರಕ್ಕೆ ಹೋಗುತ್ತದೆ, ಉಳಿದ 60 ಜನರೇ ಭಾರ ಹೊರಬೇಕಲ್ಲ? 1992ರಲ್ಲಿ ಸೋತ ಈ ವಾದ ಸತ್ತುಹೋಗಲಿಲ್ಲ.

ಸಂವಿಧಾನದ ಜೋಡಿಗೆ ಬಂದರೆ, ಮೂಲಭೂತ ಹಕ್ಕುಗಳ ಭಾಗದಲ್ಲಿ ಆಗ ಶಿಕ್ಷಣದ ಹಕ್ಕು ಎಂಬ ಪದವೇ ಇರಲಿಲ್ಲ. ಅದಿದ್ದದ್ದು ನಿರ್ದೇಶಕ ತತ್ತ್ವಗಳ 41 ಮತ್ತು 45ನೇ ವಿಧಿಗಳಲ್ಲಿ, ಅವನ್ನು ನ್ಯಾಯಾಲಯದ ಮೂಲಕ ಜಾರಿ ಮಾಡಿಸಲು ಬರುವುದಿಲ್ಲ. ಪೀಠ ಸೇತುವೆ ಕಟ್ಟಿದ್ದು 21ನೇ ವಿಧಿಯ ಮೇಲೆ. ಜೀವಿಸುವ ಹಕ್ಕು ಎಂದರೆ ಘನತೆಯಿಂದ ಬದುಕುವ ಹಕ್ಕು, ಶಿಕ್ಷಣವಿಲ್ಲದೆ ಆ ಘನತೆ ಇಲ್ಲ, ಆದ್ದರಿಂದ ಶಿಕ್ಷಣದ ಹಕ್ಕು 21ರಿಂದಲೇ ಹರಿದುಬರುತ್ತದೆ. ಶಿಕ್ಷಣ ಕೊಡುವುದು ಸರ್ಕಾರದ ಹೊಣೆ; ಖಾಸಗಿ ಕಾಲೇಜಿಗೆ ಮಾನ್ಯತೆ ಕೊಟ್ಟಾಗ ಸರ್ಕಾರ ತನ್ನ ಹೊಣೆಯನ್ನೇ ಅದರ ಕೈಯಲ್ಲಿ ಮಾಡಿಸುತ್ತದೆ, ಹಾಗಾಗಿ ಆ ಕಾಲೇಜು ಹಕ್ಕನ್ನು ಮಾರಾಟಕ್ಕೆ ಇಡುವಂತಿಲ್ಲ. ದುಡ್ಡಿದ್ದವನು ಕಡಿಮೆ ಅಂಕಕ್ಕೂ ಒಳಗೆ, ಇಲ್ಲದವನು ಹೆಚ್ಚು ಅಂಕವಿದ್ದೂ ಹೊರಗೆ ಎಂಬುದು ಮನಬಂದಂತೆ ಮಾಡಿದ ವಿಂಗಡಣೆ, 14ನೇ ವಿಧಿಗೆ ವಿರುದ್ಧ. ಇಲ್ಲಿ ಪೀಠಕ್ಕೆ ಎದುರಾಗಿ ಒಂದು ಹಳೆಯ ತೀರ್ಪಿತ್ತು: 1955ರ ಡಿ.ಪಿ. ಜೋಶಿ ಪ್ರಕರಣ. ಆಗಿನ ಮಧ್ಯಭಾರತದ ವೈದ್ಯಕೀಯ ಕಾಲೇಜು ಹೊರಗಿನವರಿಂದ ಮಾತ್ರ ಕ್ಯಾಪಿಟೇಶನ್ ಶುಲ್ಕ ಪಡೆಯುವುದನ್ನು ಐವರ ಸಂವಿಧಾನ ಪೀಠ ಎತ್ತಿಹಿಡಿದಿತ್ತು. ಇಬ್ಬರ ಪೀಠ ಐವರ ಪೀಠವನ್ನು ತಳ್ಳಿಹಾಕಲಾರದು, ಅದು ಬೇರೆ, ಇದು ಬೇರೆ ಎಂದು ಪ್ರತ್ಯೇಕಿಸಬಹುದು ಅಷ್ಟೆ. ಇಲ್ಲಿ ಹಾಗೆಯೇ ಮಾಡಿತು. ಪೀಠದಲ್ಲಿ ಎಷ್ಟು ಜನ ಎಂಬುದನ್ನು ಟಿಪ್ಪಣಿಯ ತಲೆಯಲ್ಲೇ ಬರೆಯಿರಿ ಎನ್ನುವುದು ಅಲಂಕಾರಕ್ಕಲ್ಲ. ಈ ತೀರ್ಪು ಯಾವ ತೀರ್ಪಿನ ಮುಂದೆ ಬಾಗಬೇಕು, ಯಾವುದರ ಮುಂದೆ ನಿಲ್ಲಬಹುದು ಎಂಬುದನ್ನು ತೀರ್ಮಾನಿಸುವುದು ಆ ಅಂಕಿ.

ಇಷ್ಟೆಲ್ಲ ಆದ ಮೇಲೆ ಟಿಪ್ಪಣಿ ಹೇಗಿರುತ್ತದೆ ಎಂದರೆ, ನಾನು ಬರೆದರೆ ಹೀಗೆ. ಮೋಹಿನಿ ಜೈನ್ ವಿರುದ್ಧ ಕರ್ನಾಟಕ ರಾಜ್ಯ, ಸುಪ್ರೀಂ ಕೋರ್ಟ್, 1992, ಇಬ್ಬರ ಪೀಠ, 32ನೇ ವಿಧಿಯ ರಿಟ್. ಸಂಗತಿ: 1984ರ ಕಾಯ್ದೆ ಕ್ಯಾಪಿಟೇಶನ್ ಶುಲ್ಕವನ್ನು ನಿಷೇಧಿಸುತ್ತದೆ, ಅದರಡಿಯೇ ಹೊರಟ 1989ರ ಅಧಿಸೂಚನೆ ಮಾನ್ಯತೆ ಪಡೆದ ಖಾಸಗಿ ವೈದ್ಯಕೀಯ ಕಾಲೇಜಿಗೆ ಸರ್ಕಾರಿ ಸೀಟಿಗೆ 2,000, ರಾಜ್ಯದವರಿಗೆ 25,000, ಹೊರರಾಜ್ಯದವರಿಗೆ 60,000 ನಿಗದಿ ಮಾಡಿತು, 60,000 ಕಟ್ಟಲಾಗದ ಹೊರರಾಜ್ಯದ ವಿದ್ಯಾರ್ಥಿನಿಗೆ ಪ್ರವೇಶ ಸಿಗಲಿಲ್ಲ. ವಿವಾದಾಂಶ: ಒಂದು, ಶಿಕ್ಷಣದ ಹಕ್ಕು ಇದೆಯೇ, ಕ್ಯಾಪಿಟೇಶನ್ ಅದನ್ನೂ 14ನೇ ವಿಧಿಯನ್ನೂ ಮುರಿಯುತ್ತದೆಯೇ, ಎರಡು, ಸರ್ಕಾರವೇ ನಿಗದಿ ಮಾಡಿದ 60,000 ಕಾಯ್ದೆ ನಿಷೇಧಿಸಿದ ಕ್ಯಾಪಿಟೇಶನ್ ಆಗಬಲ್ಲುದೇ. ತೀರ್ಮಾನ: ಎರಡಕ್ಕೂ ಹೌದು. ಕಾರಣ: 21ನೇ ವಿಧಿಯನ್ನು 41, 45ರ ಜೊತೆ ಓದಬೇಕು, ಮಾನ್ಯತೆ ಪಡೆದ ಕಾಲೇಜು ಸರ್ಕಾರದ ಹೊಣೆಯನ್ನೇ ಮಾಡುತ್ತದೆ, ದುಡ್ಡಿನ ಮೇಲೆ ಆಯ್ಕೆ ಮನಬಂದಂತೆ, ನಿಯಂತ್ರಿಸುವ ಅಧಿಕಾರದಲ್ಲಿ ನಿಷೇಧಿಸಿದ್ದನ್ನು ಅನುಮತಿಸಲು ಬಾರದು. ಎದುರು ವಾದ: ನಿಗದಿಯಾದದ್ದು ಮೀರಿದ್ದಲ್ಲ, ಖರ್ಚು ಯಾರು ಹೊರಬೇಕು. ಆದೇಶ: 60,000ದ ಅಂಶ ರದ್ದು, ಮುಂದಕ್ಕೆ ಮಾತ್ರ ಅನ್ವಯ, ಅರ್ಜಿದಾರಳಿಗೆ ಸೀಟಿಲ್ಲ. ಇದರ ಕೆಳಗೆ ಎರಡು ಬೆರಳಿನಷ್ಟು ಜಾಗ ಖಾಲಿ ಬಿಡುತ್ತೇನೆ.

ಇಷ್ಟು ಕಷ್ಟ ಏಕೆ, ತೀರ್ಪಿನ ತಲೆಯಲ್ಲಿ ಹೆಡ್‌ನೋಟ್ ಇರುತ್ತದಲ್ಲ, ಅಂಗಡಿಯಲ್ಲಿ ಗೈಡ್ ಸಿಗುತ್ತದಲ್ಲ ಎಂದು ಕೇಳುವವರಿದ್ದಾರೆ. ಹೆಡ್‌ನೋಟ್ ಕೆಟ್ಟದ್ದಲ್ಲ. ಆದರೆ ಅದು ವರದಿಗಾರರು ಬರೆದದ್ದು, ತೀರ್ಪಿನ ಭಾಗವಲ್ಲ. ಅದರ ಕೆಲಸವೂ ಬೇರೆ: ಈ ತೀರ್ಪಿನಲ್ಲಿ ಏನೇನು ಬಂದಿದೆ ಎಂದು ಹುಡುಕಿ ಬಂದ ವಕೀಲನಿಗೆ ಸೂಚಿ ಕೊಡುವುದು. ಹೀಗಾಗಿ ತೀರ್ಪಿಗೆ ಅಗತ್ಯವಾದ ಮಾತೂ ಪ್ರಾಸಂಗಿಕವಾಗಿ ಬಂದ ಮಾತೂ ಅಲ್ಲಿ ಪಕ್ಕಪಕ್ಕದಲ್ಲಿ ಒಂದೇ ತೂಕದಲ್ಲಿ ಕೂತಿರುತ್ತವೆ. ತೂಗಿ ನೋಡುವ ಕೆಲಸ ಓದುಗನಿಗೇ ಉಳಿಯುತ್ತದೆ, ಟಿಪ್ಪಣಿ ಎಂದರೆ ಆ ತೂಗುವಿಕೆಯೇ. ಗೈಡಿನ ದೋಷ ಇನ್ನೊಂದು ಬಗೆಯದು. ಅದು ಹೆಚ್ಚಾಗಿ ಮುಂದೆ ಬಂದ ತೀರ್ಪುಗಳ ಬೆಳಕಿನಲ್ಲಿ ಹಿಂದಿನದನ್ನು ಸಪಾಟು ಮಾಡಿಬಿಡುತ್ತದೆ, ಮೋಹಿನಿ ಜೈನ್ ಶಿಕ್ಷಣದ ಹಕ್ಕಿನ ಮೊದಲ ಮೆಟ್ಟಿಲು ಎಂದು ಹೇಳಿ ಮುಂದಕ್ಕೆ ಹೋಗುತ್ತದೆ. ಕಾಯ್ದೆಯ ಗಂಟು ಅಲ್ಲಿ ಕಾಣುವುದೇ ಇಲ್ಲ. ತೀರ್ಪಿನ ಮೂಲ ಪಾಠ ಈಗ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತದೆ. ಹಿಟ್ನಾಳದಿಂದ ಕೊಪ್ಪಳಕ್ಕೋ ಹೊಸಪೇಟೆಗೋ ಬಸ್ಸಿನಲ್ಲಿ ಹೋಗಿಬರುವ ಹೊತ್ತಿನಲ್ಲೇ ಕೊನೆಯ ನಾಲ್ಕು ಪುಟ ಮೊಬೈಲಿನಲ್ಲಿ ಓದಿ ಮುಗಿಸಬಹುದು. ಒಂದೇ ತೀರ್ಪಿಗೆ ಬೇರೆ ಬೇರೆ ವರದಿಗಳಲ್ಲಿ ಪುಟವೂ ಪ್ಯಾರಾ ಸಂಖ್ಯೆಯೂ ಬೇರೆ ಇರಬಹುದು, ಹಾಗಾಗಿ ಯಾವುದನ್ನು ನೋಡಿ ಬರೆದಿರಿ ಎಂಬುದನ್ನು ಅಂಚಿನಲ್ಲಿ ಗುರುತು ಹಾಕಿಕೊಳ್ಳಿ. ಪುನಃ ಹುಡುಕುವ ಗೋಳು ತಪ್ಪುತ್ತದೆ.

ಪರೀಕ್ಷಕರು ನೋಡುವುದು ಆ ಪ್ರಸಿದ್ಧ ಸಾಲನ್ನೇ, ಉಳಿದದ್ದಕ್ಕೆ ಅಂಕ ಯಾರು ಕೊಡುತ್ತಾರೆ ಎಂಬುದು ಎರಡನೆಯ ಆಕ್ಷೇಪ. ಅದರಲ್ಲಿ ಸತ್ಯಾಂಶವಿದೆ. ನೇರವಾಗಿ ಟಿಪ್ಪಣಿ ಬರೆಯಿರಿ ಎಂದು ಕೇಳಿದರೆ ಪ್ರಸಿದ್ಧ ಸಾಲು ಸಾಕಾದೀತು. ಆದರೆ ಸಮಸ್ಯೆ ರೂಪದ ಪ್ರಶ್ನೆಯಲ್ಲಿ ಹೆಸರುಗಳು ಬದಲಾಗಿರುತ್ತವೆ, ಮೊತ್ತ ಬದಲಾಗಿರುತ್ತದೆ, ಒಂದು ಸಂಗತಿಯನ್ನು ಬೇಕೆಂದೇ ತಿರುಗಿಸಿರುತ್ತಾರೆ. ಕಾಲೇಜು ಮಾನ್ಯತೆಯನ್ನೇ ಪಡೆದಿಲ್ಲ ಎಂದಿರಬಹುದು. ಸರ್ಕಾರ ನಿಗದಿ ಮಾಡಿದ್ದು 2,000 ಮಾತ್ರ, ಕಾಲೇಜು ತಾನಾಗಿ ಹೆಚ್ಚು ವಸೂಲು ಮಾಡಿತು ಎಂದಿರಬಹುದು. ಎರಡನೆಯದಾದರೆ ಸಂವಿಧಾನದವರೆಗೆ ಹೋಗುವ ಅಗತ್ಯವೇ ಇಲ್ಲ, ಕಾಯ್ದೆಯ ವ್ಯಾಖ್ಯೆ ಒಂದೇ ಸಾಕು. ಮೊದಲನೆಯದಾದರೆ, ಕಾಲೇಜು ಸರ್ಕಾರದ ಹೊಣೆ ಹೊತ್ತಿದೆ ಎಂಬ ಕೊಂಡಿಯೇ ಕಳಚುತ್ತದೆ. ಎರಡನ್ನೂ ಆ ಪ್ರಸಿದ್ಧ ಸಾಲು ಬಿಡಿಸಲಾರದು.

ಎಲ್ಲ ತೀರ್ಪಿಗೂ ಈ ಒಂದು ಪುಟದ ಅಚ್ಚು ಒಗ್ಗುತ್ತದೆಯೇ? ಇಲ್ಲ. ಮೋಹಿನಿ ಜೈನ್‌ನಲ್ಲಿ ಇಬ್ಬರು ನ್ಯಾಯಮೂರ್ತಿಗಳು, ಒಂದೇ ತೀರ್ಪು. ನಮ್ಮದೇ ರಾಜ್ಯದ ಸರ್ಕಾರ 1989ರ ಏಪ್ರಿಲ್ 21ರಂದು ವಜಾಗೊಂಡದ್ದರಿಂದ ಹುಟ್ಟಿದ ಎಸ್.ಆರ್. ಬೊಮ್ಮಾಯಿ ಪ್ರಕರಣವನ್ನು ತೆಗೆದುಕೊಳ್ಳಿ. 1994ರ ಮಾರ್ಚ್ 11ರಂದು ಒಂಬತ್ತು ನ್ಯಾಯಮೂರ್ತಿಗಳು ಆರು ಬೇರೆ ಬೇರೆ ಅಭಿಪ್ರಾಯ ಬರೆದರು. ಅಲ್ಲಿ ತೀರ್ಮಾನ ಎಂಬುದು ಯಾವ ಒಂದು ಪುಟದಲ್ಲೂ ಬರೆದಿಲ್ಲ, ಎಣಿಸಿ ತೆಗೆಯಬೇಕು. ಸಾವಂತ್ ಮತ್ತು ಕುಲದೀಪ್ ಸಿಂಗ್ ಒಂದು ಕಡೆ, ಜೀವನ್ ರೆಡ್ಡಿ ಮತ್ತು ಅಗರ್‌ವಾಲ್ ಇನ್ನೊಂದು ಕಡೆ, ಪಾಂಡಿಯನ್ ಸೇರಿದರೆ ಐದು ಎಂದು ಪ್ರಶ್ನೆಯಿಂದ ಪ್ರಶ್ನೆಗೆ ತಲೆ ಎಣಿಸಬೇಕು. ಅಂಥ ಪ್ರಕರಣಕ್ಕೆ ಪುಟವನ್ನು ಅಡ್ಡಡ್ಡ ಇಟ್ಟು, ಎಡಕ್ಕೆ ಪ್ರಶ್ನೆ, ಮೇಲಕ್ಕೆ ನ್ಯಾಯಮೂರ್ತಿಗಳ ಹೆಸರು ಬರೆದು ಮನೆ ತುಂಬುವುದೇ ಸರಿ. ಆದರೂ ಬಾಲದಿಂದ ಶುರುಮಾಡುವ ಕ್ರಮ ಅಲ್ಲೂ ಕೈಬಿಡುವುದಿಲ್ಲ. ಕರ್ನಾಟಕ, ಮೇಘಾಲಯ, ನಾಗಾಲ್ಯಾಂಡ್‌ಗಳ ವಜಾ ತಪ್ಪು, ಮಧ್ಯಪ್ರದೇಶ, ರಾಜಸ್ಥಾನ, ಹಿಮಾಚಲ ಪ್ರದೇಶಗಳದ್ದು ಸರಿ ಎಂಬ ಕೊನೆಯ ಫಲವನ್ನು ಮೊದಲು ಬರೆದುಕೊಂಡರೆ, ಈ ಮೂರಕ್ಕೂ ಆ ಮೂರಕ್ಕೂ ಏನು ವ್ಯತ್ಯಾಸ ಎಂಬ ಪ್ರಶ್ನೆಯೇ ವಿವಾದಾಂಶದ ಕಡೆಗೆ ಎಳೆದೊಯ್ಯುತ್ತದೆ.

ಪುನರಾವರ್ತನೆಯ ಹೊತ್ತಿನಲ್ಲಿ ಟಿಪ್ಪಣಿಯನ್ನು ಮೇಲಿನಿಂದ ಕೆಳಗೆ ಓದುತ್ತ ಹೋದರೆ ನಿದ್ದೆ ಬರುತ್ತದೆ. ಸಂಗತಿ ಮತ್ತು ವಿವಾದಾಂಶವನ್ನು ಬಿಟ್ಟು ಉಳಿದದ್ದನ್ನು ಕೈಯಿಂದ ಮುಚ್ಚಿ, ತೀರ್ಮಾನವನ್ನೂ ಕಾರಣವನ್ನೂ ಬಾಯಲ್ಲಿ ಹೇಳಿ ನೋಡಿ. ತೀರ್ಮಾನ ಬಂತು, ಕಾರಣ ಬರಲಿಲ್ಲ ಎಂದರೆ ಸಾಮಾನ್ಯವಾಗಿ ತಪ್ಪಿರುವುದು ನೆನಪಿನಲ್ಲಿ ಅಲ್ಲ, ಟಿಪ್ಪಣಿಯಲ್ಲಿ. ಕಾರಣಕ್ಕೆ ಬೇಕಾದ ಸಂಗತಿಯೊಂದನ್ನು ಮೇಲೆ ಬಿಟ್ಟಿರುತ್ತೀರಿ. ಮೋಹಿನಿ ಜೈನ್‌ನಲ್ಲಿ ಹೆಚ್ಚಾಗಿ ಬಿಟ್ಟುಹೋಗುವುದು ಮಾನ್ಯತೆ ಎಂಬ ಒಂದು ಪದ.

ಖಾಲಿ ಬಿಟ್ಟ ಆ ಎರಡು ಬೆರಳಿನ ಜಾಗಕ್ಕೆ ಈಗ ಬರೋಣ. ಮೋಹಿನಿ ಜೈನ್ ತೀರ್ಪಿನ ವಿಶಾಲವಾದ ಕಾರಣ ಆಂಧ್ರ, ಕರ್ನಾಟಕ, ಮಹಾರಾಷ್ಟ್ರ, ತಮಿಳುನಾಡಿನ ಖಾಸಗಿ ಕಾಲೇಜುಗಳನ್ನು ಒಟ್ಟಿಗೇ ತಟ್ಟಿತು. ಆರು ತಿಂಗಳಲ್ಲಿ, 1993ರ ಫೆಬ್ರುವರಿ 4ರಂದು, ಉನ್ನಿಕೃಷ್ಣನ್ ಪ್ರಕರಣದಲ್ಲಿ ಐವರ ಪೀಠ ಅದನ್ನು ಮರುಪರಿಶೀಲಿಸಿತು. ಬಹುಮತ ಶಿಕ್ಷಣದ ಹಕ್ಕನ್ನು ಉಳಿಸಿತು, ಆದರೆ ಉಚಿತ ಶಿಕ್ಷಣದ ಹಕ್ಕು 14 ವರ್ಷದವರೆಗೆ ಮಾತ್ರ, ಆಮೇಲಿನದು ಸರ್ಕಾರದ ಆರ್ಥಿಕ ಶಕ್ತಿಗೆ ಬಿಟ್ಟದ್ದು ಎಂದಿತು. ಸರ್ಕಾರಿ ಕಾಲೇಜಿಗಿಂತ ಹೆಚ್ಚು ಪಡೆದದ್ದೆಲ್ಲ ಕ್ಯಾಪಿಟೇಶನ್ ಎಂಬ ಮಾತನ್ನು ಒಪ್ಪಲಿಲ್ಲ. 1992ರಲ್ಲಿ ಸೋತಿದ್ದ ಖರ್ಚಿನ ವಾದ ಇಲ್ಲಿ ಅರ್ಧ ಗೆದ್ದಿತು: ಅರ್ಧ ಸೀಟು ಉಚಿತ, ಅರ್ಧ ಸೀಟು ಹಣ ಕಟ್ಟುವವರಿಗೆ ಎಂಬ ಯೋಜನೆಯನ್ನು ಪೀಠವೇ ರೂಪಿಸಿತು. ಆ ಯೋಜನೆಯೂ ಬಾಳಲಿಲ್ಲ. 2002ರ ಅಕ್ಟೋಬರ್ 31ರಂದು, ಮಣಿಪಾಲದಿಂದ ಹೋದ ಟಿ.ಎಂ.ಎ. ಪೈ ಪ್ರತಿಷ್ಠಾನದ ಪ್ರಕರಣದಲ್ಲಿ ಹನ್ನೊಂದು ನ್ಯಾಯಮೂರ್ತಿಗಳ ಪೀಠ ಅದನ್ನು ತೆಗೆದುಹಾಕಿತು; ಪ್ರಾಥಮಿಕ ಶಿಕ್ಷಣ ಮೂಲಭೂತ ಹಕ್ಕು ಎಂಬುದನ್ನು ಮಾತ್ರ ಮುಟ್ಟಲಿಲ್ಲ. ಅದೇ ವರ್ಷದ 86ನೇ ತಿದ್ದುಪಡಿ 21ಎ ವಿಧಿಯನ್ನು ತಂದು, ಆರರಿಂದ ಹದಿನಾಲ್ಕು ವರ್ಷದ ಮಕ್ಕಳ ಹಕ್ಕನ್ನು ಸಂವಿಧಾನದಲ್ಲೇ ಬರೆಯಿತು. ಹಾಗಾಗಿ ಆ ಜಾಗದಲ್ಲಿ ಬರೆಯಬೇಕಾದದ್ದು ಇಷ್ಟು: ಕಾರಣದ ಮೊದಲ ಜೋಡಿ 1993ರಲ್ಲಿ 14 ವರ್ಷಕ್ಕೆ ಕುಗ್ಗಿ 21ಎ ಆಗಿ ನಿಂತಿತು, 2,000ವನ್ನೇ ಅಳತೆಗೋಲಾಗಿಸಿದ ಮಾತು 1993ರಲ್ಲೇ ಬಿತ್ತು. ಪೆನ್ಸಿಲಿನಲ್ಲಿ ಬರೆಯಿರಿ.